ಪೇಪರ್ ಹಿಂಪಡೆದ ಮೇಲೆ

ಕೇಳುಗರೇ, ನಮಸ್ಕಾರ.

ಬೇರೆಯವರ ಬರಹ ಕದ್ದಿದ್ದಕ್ಕೆ ಯಾರದೋ ಸಂಶೋಧನಾ ಪೇಪರನ್ನು ಪತ್ರಿಕೆ ಹಿಂಪಡೆಯಿತು ಅಂತ ಆಗಾಗ ಸುದ್ದಿ ಬರುತ್ತದೆ. ಅದನ್ನು ಬರೆದವರಿಗೆ ಆಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಪಿಎಚ್‌ಡಿ ಮಾಡುವವರ ಬರಹವನ್ನು ತಪಾಸಣೆಯ ತಂತ್ರಾಂಶಕ್ಕೆ ಹಾಕಿ ವರದಿ ತೆಗೆದುಕೊಡುವುದು ನನ್ನ ಕೆಲಸದಲ್ಲಿ ಒಂದು. ಹಾಗಾಗಿ ಈ ವಿಷಯ ನನಗೆ ಹತ್ತಿರದ್ದು.

ಒಂದು ಪ್ರಸಂಗ ಇಟ್ಟುಕೊಂಡು ಮಾತಾಡೋಣ. ಇದು ಉದಾಹರಣೆಗಾಗಿ ಕಟ್ಟಿದ್ದು, ಯಾರ ಕಥೆಯೂ ಅಲ್ಲ. ಶಿರಸಿ ಕಡೆಯ ಒಬ್ಬ ಹುಡುಗ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬಳಚು ಎಂಬ ಚಿಪ್ಪಿನ ಜೀವಿಯ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾನೆ ಅಂದುಕೊಳ್ಳಿ. ಎರಡು ವರ್ಷ, ಪ್ರತಿ ತಿಂಗಳು, ನೀರು ಇಳಿದಾಗ ಕೆಸರಿಗಿಳಿದು ಬಳಚು ಎಣಿಸಿದ್ದಾನೆ, ಅಳೆದಿದ್ದಾನೆ. ನೀರಿನ ಉಪ್ಪಿನಂಶ ಬರೆದಿಟ್ಟಿದ್ದಾನೆ. ಈ ಅಂಕಿಗಳೆಲ್ಲ ಅವನವೇ, ಅಪ್ಪಟ. ಆದರೆ ಪೇಪರ್ ಬರೆಯುವಾಗ ಇಂಗ್ಲಿಷ್ ಕೈ ಕೊಟ್ಟಿತು. ತಮಿಳುನಾಡಿನ ಒಂದು ಅಳಿವೆಯ ಬಗ್ಗೆ ಯಾರೋ ಬರೆದ ಪೇಪರಿನಿಂದ ಪೀಠಿಕೆ ಮತ್ತು ಚರ್ಚೆಯ ಭಾಗವನ್ನು ಪ್ಯಾರಾಗಟ್ಟಲೆ ಎತ್ತಿದ. ನದಿಯ ಹೆಸರು ಬದಲಿಸಿದ. ಮೊದಲ ಹೆಸರು ಅವನದು, ಕೊನೆಯ ಹೆಸರು ಅವನ ಗೈಡ್ ಮೇಡಂ ಅವರದು. ಮೇಡಂ ಕೋಷ್ಟಕ ನೋಡಿದರು, ಗ್ರಾಫ್ ನೋಡಿದರು, ಬರಹವನ್ನು ಸರಿಯಾಗಿ ಓದದೆ ಕಳಿಸಿದರು. ಪೇಪರ್ ಅಚ್ಚಾಯಿತು.

ಸಿಕ್ಕಿಬಿದ್ದದ್ದು ಒಂದು ಸಾಲಿನಿಂದ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ ಹಿಂಗಾರಿನ ಮಳೆಯಿಂದ ಅಳಿವೆಯ ಉಪ್ಪಿನಂಶ ಕುಸಿಯುತ್ತದೆ ಅಂತ ಪೇಪರಿನಲ್ಲಿತ್ತು. ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಅಲ್ವಾ? ಅವನ ಕೋಷ್ಟಕದಲ್ಲೂ ಉಪ್ಪಿನಂಶ ಕುಸಿದದ್ದು ಜುಲೈನಲ್ಲೇ. ಬರಹ ಒಂದು ಹೇಳುತ್ತಿತ್ತು, ಅಂಕಿ ಇನ್ನೊಂದು. ಮೂಲ ಪೇಪರ್ ಬರೆದವರ ಕಣ್ಣಿಗೆ ಇದು ಬಿತ್ತು. ಎರಡೂ ಪೇಪರಿನ ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು, ಬಣ್ಣ ಬಳಿದು, ಸಂಪಾದಕರಿಗೆ ಕಳಿಸಿದರು. ಕದ್ದ ಬರಹ ಬಹಳ ಸಲ ಪತ್ತೆಯಾಗುವುದು ಹೀಗೆಯೇ. ಮೂಲದಲ್ಲಿದ್ದ ತಪ್ಪು, ಮೂಲದ ಊರಿನ ಹವೆ, ಮೂಲದವರು ಉಲ್ಲೇಖಿಸಿದ ಪುಸ್ತಕಗಳ ಸಾಲು, ಎಲ್ಲ ಬರಹದ ಜೊತೆಗೇ ಬಂದುಬಿಡುತ್ತವೆ.

ಇಲ್ಲಿಂದ ಎರಡು ದಾರಿಯಲ್ಲಿ ವಿಚಾರಣೆ ನಡೆಯುತ್ತದೆ. ಒಂದು ಪತ್ರಿಕೆಯದು, ಇನ್ನೊಂದು ಕಾಲೇಜಿನದು. ಒಂದರ ತೀರ್ಮಾನ ಇನ್ನೊಂದರದ್ದು ಆಗಬೇಕಾಗಿಲ್ಲ.

ಸಂಪಾದಕರು ಮೊದಲು ಲೇಖಕರಿಗೆ ಪತ್ರ ಬರೆದು ವಿವರಣೆ ಕೇಳುತ್ತಾರೆ. ಸಮಾಧಾನ ಆಗದಿದ್ದರೆ ಸಂಸ್ಥೆಗೆ ಬರೆಯುತ್ತಾರೆ. ಸಂಪಾದಕರಿಗೆ ಇಂಥ ವಿಷಯದಲ್ಲಿ ದಾರಿ ತೋರಿಸುವ ಕೋಪ್ ಎಂಬ ಅಂತರರಾಷ್ಟ್ರೀಯ ಸಮಿತಿ 1997ರಿಂದ ಇದೆ. ಕದ್ದದ್ದು ಸ್ವಲ್ಪವೇ ಆಗಿದ್ದರೆ ತಿದ್ದುಪಡಿ ಸಾಕಾಗಬಹುದೇ ಎಂದು ಯೋಚಿಸಿ ಅಂತ ಅದರ ಸಲಹೆಯಲ್ಲೇ ಇದೆ. ನಮ್ಮ ಹುಡುಗನ ಪೇಪರಿನಲ್ಲಿ ಪೀಠಿಕೆ, ಚರ್ಚೆ ಎರಡೂ ಹೋಗಿದ್ದವು. ಹಿಂಪಡೆದರು.

ಹಿಂಪಡೆದ ಪೇಪರ್ ಮಾಯವಾಗುವುದಿಲ್ಲ. ಜನ ಇದನ್ನು ತಪ್ಪು ತಿಳಿಯುತ್ತಾರೆ. ಅದು ಪತ್ರಿಕೆಯ ಜಾಲತಾಣದಲ್ಲಿ ಹಾಗೇ ಇರುತ್ತದೆ, ಪುಟ ಪುಟದ ಮೇಲೂ ಅಡ್ಡಕ್ಕೆ ರಿಟ್ರ್ಯಾಕ್ಟೆಡ್ ಎಂಬ ಮುದ್ರೆ ಹೊತ್ತು. ಜೊತೆಗೆ ಬೇರೆ ಒಂದು ಸೂಚನೆ ಪ್ರಕಟವಾಗುತ್ತದೆ. ಅದರಲ್ಲಿ ಎಲ್ಲ ಲೇಖಕರ ಹೆಸರು, ಕಾರಣ. ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಇಂಥ ಸೂಚನೆಗಳನ್ನು ಒಟ್ಟುಮಾಡುವ ರಿಟ್ರ್ಯಾಕ್ಷನ್ ವಾಚ್ ಎಂಬ ಸಂಗ್ರಹವನ್ನು 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ತೆಗೆದುಕೊಂಡು ಎಲ್ಲರಿಗೂ ತೆರೆದಿಟ್ಟಿತು. ಕೆಲಸ ಕೊಡುವವರು ಹೆಸರು ಹಾಕಿ ಹುಡುಕಿದರೆ ಅಲ್ಲಿ ಸಿಗುತ್ತದೆ.

ಕಾಲೇಜಿನ ದಾರಿಗೆ ಯುಜಿಸಿಯ 2018ರ ನಿಯಮ ಇದೆ. ಮೊದಲು ವಿಭಾಗದ ಸಮಿತಿ, ಅದಕ್ಕೆ 45 ದಿನ. ಆಮೇಲೆ ಸಂಸ್ಥೆಯ ಸಮಿತಿ, ಅದಕ್ಕೂ 45 ದಿನ. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40ರವರೆಗೆ ಒಂದನೇ ಹಂತ. ಅಲ್ಲಿ ಪೇಪರ್ ವಾಪಸ್ ತೆಗೆದುಕೊಳ್ಳಿ ಅನ್ನುತ್ತಾರೆ, ಅಷ್ಟೇ. 40 ದಾಟಿದರೆ ಒಂದು ವರ್ಷದ ಇಂಕ್ರಿಮೆಂಟ್ ಹೋಗುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗೆ ಗೈಡ್ ಆಗುವಂತಿಲ್ಲ. 60 ದಾಟಿದರೆ ಎರಡು ಇಂಕ್ರಿಮೆಂಟ್, ಮೂರು ವರ್ಷ.

ಈ ಶೇಕಡಾವಾರಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ತಂತ್ರಾಂಶ ಹೋಲಿಕೆ ತೋರಿಸುತ್ತದೆ, ಕಳ್ಳತನ ತೋರಿಸುವುದಿಲ್ಲ. ಉಲ್ಲೇಖಗಳ ಪಟ್ಟಿಯನ್ನು ಬಿಟ್ಟು ಲೆಕ್ಕ ಹಾಕಬೇಕು ಅಂತ ನಿಯಮವೇ ಹೇಳುತ್ತದೆ. ಆ ಗುಂಡಿ ಒತ್ತುವುದನ್ನು ಮರೆತರೆ ನಿಯತ್ತಿನ ಬರಹವೂ 25 ತೋರಿಸಬಹುದು. ಇನ್ನೊಂದು ಕಡೆ, ಬರೀ 8 ತೋರಿಸಿದ ಬರಹದಲ್ಲಿ ಆ ಎಂಟೂ ಒಂದೇ ಪೇಪರಿನಿಂದ ಬಂದಿರಬಹುದು. ವರದಿ ಕೈಗೆ ಬಂದಾಗ ಮೇಲಿನ ದೊಡ್ಡ ಅಂಕಿ ಬಿಟ್ಟು ಕೆಳಗಿನ ಪಟ್ಟಿ ನೋಡಬೇಕು. ಒಂದೊಂದು ಮೂಲದಿಂದ ಅರ್ಧ ಶೇಕಡಾ ಬಂದಿದ್ದರೆ ಅದು ಸಾಮಾನ್ಯ ಮಾತು. ಒಂದೇ ಮೂಲದಿಂದ ಏಳು, ಎಂಟು ಬಂದಿದ್ದರೆ ಆ ಪುಟ ತೆಗೆದು ಸಾಲು ಸಾಲು ಓದಬೇಕು.

ನಮ್ಮ ಪ್ರಸಂಗದಲ್ಲಿ ಹೋಲಿಕೆ 43 ಬಂತು ಅಂದುಕೊಳ್ಳಿ. ಮೇಡಂ ಸಹಾಯಕ ಪ್ರಾಧ್ಯಾಪಕಿ. ಸಂಬಳದ ಶ್ರೇಣಿಯ ಆರಂಭದಲ್ಲಿದ್ದರೆ ಮೂಲವೇತನ 57,700ರಿಂದ 59,400ಕ್ಕೆ ಏರಬೇಕಿತ್ತು, ಏರಲಿಲ್ಲ. ತಿಂಗಳಿಗೆ 1,700 ರೂಪಾಯಿ, ಅದರ ಮೇಲಿನ ತುಟ್ಟಿಭತ್ಯೆ. ಇದು ನೋವೇ, ಆದರೆ ದೊಡ್ಡ ಪೆಟ್ಟು ಇದಲ್ಲ. ಸಹಾಯಕ ಪ್ರಾಧ್ಯಾಪಕರು ಪಿಎಚ್‌ಡಿ ಗೈಡ್ ಆಗಲು ಕನಿಷ್ಠ ಮೂರು ಪೇಪರ್ ಬೇಕು ಅಂತ ಯುಜಿಸಿಯ 2022ರ ನಿಯಮ ಹೇಳುತ್ತದೆ. ಅವರ ಬಳಿ ಸರಿಯಾಗಿ ಮೂರೇ ಇದ್ದು ಅದರಲ್ಲಿ ಒಂದು ಹೋದರೆ, ಎರಡು ವರ್ಷದ ನಿಷೇಧ ಮುಗಿದರೂ ಗೈಡ್‌ಶಿಪ್ ತಾನಾಗಿ ವಾಪಸ್ ಬರುವುದಿಲ್ಲ. ಬಡ್ತಿಗೆ ಹಾಕಿದ ಅಂಕದಲ್ಲೂ ಆ ಪೇಪರ್ ಕಳೆಯುತ್ತದೆ. ಅದರಿಂದ ಈಗಾಗಲೇ ಏನಾದರೂ ಲಾಭ ಪಡೆದಿದ್ದರೆ ಅದನ್ನೂ ತಡೆಹಿಡಿಯಲು ನಿಯಮದಲ್ಲಿ ಅವಕಾಶ ಇದೆ. ಇಷ್ಟಾದರೂ ಮೇಡಂ ಕೆಲಸ ಉಳಿಯುತ್ತದೆ. ಪಾಠ ಮಾಡುತ್ತಾರೆ, ಕೆಲವು ವರ್ಷದಲ್ಲಿ ಹೊಸ ಪೇಪರ್ ಬರೆಯುತ್ತಾರೆ.

ಹುಡುಗನಿಗೆ ಕಳೆದುಕೊಳ್ಳಲು ಇಂಕ್ರಿಮೆಂಟೇ ಇಲ್ಲ. ಅವನಿಗೆ ಇದ್ದದ್ದು ಆ ಒಂದು ಪೇಪರ್. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲಿ. ಪೇಪರ್ ಹಿಂಪಡೆಯಲ್ಪಟ್ಟ ಲೇಖಕರನ್ನು ಹಿಂಬಾಲಿಸಿ ಮಾಡಿದ ಒಂದು ದೊಡ್ಡ ಅಧ್ಯಯನ 2025ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಸುಮಾರು ಶೇಕಡಾ 46ರಷ್ಟು ಜನ ಆ ಹೊತ್ತಿಗೇ ಪೇಪರ್ ಪ್ರಕಟಿಸುವುದನ್ನೇ ನಿಲ್ಲಿಸಿದ್ದರು. ಹೀಗೆ ಬಿಟ್ಟುಹೋದವರಲ್ಲಿ ಹೊಸಬರೇ ಹೆಚ್ಚು. ಅದಕ್ಕೂ ಮುಂಚೆ 2017ರಲ್ಲಿ ಅಮೆರಿಕದ ಜೀವವಿಜ್ಞಾನಿಗಳ ಬಗ್ಗೆ ಇನ್ನೊಂದು ಅಧ್ಯಯನ ಆಗಿತ್ತು. ಒಂದು ಪೇಪರ್ ಹಿಂಪಡೆದರೆ ಅದೇ ಲೇಖಕರ ಹಳೆಯ, ತಪ್ಪಿಲ್ಲದ ಪೇಪರುಗಳನ್ನು ಉಲ್ಲೇಖಿಸುವುದೂ ಹತ್ತಿರ ಹತ್ತಿರ ಶೇಕಡಾ 10ರಷ್ಟು ಇಳಿಯುತ್ತದೆ ಅಂತ ಅದು ಕಂಡುಕೊಂಡಿತು. ಹಳೆಯ ಪೇಪರುಗಳೇ ಇಲ್ಲದವನಿಗೆ ಈ ಲೆಕ್ಕವೂ ಇಲ್ಲ. ಜನ ಅವನನ್ನು ಗುರುತಿಸುವುದೇ ಆ ಒಂದು ಮುದ್ರೆಯಿಂದ.

ಎರಡು ವರ್ಷದ ಬಳಚಿನ ಲೆಕ್ಕ ಏನಾಯಿತು? ಅದರಲ್ಲಿ ಸುಳ್ಳು ಇರಲಿಲ್ಲ. ಆದರೆ ಅದೂ ಮುದ್ರೆಯ ಕೆಳಗೆ ಹೋಯಿತು. ನಾಳೆ ಅಘನಾಶಿನಿಯ ಬಳಚು ಕಡಿಮೆಯಾಗುತ್ತಿದೆಯೇ ಅಂತ ಯಾರಾದರೂ ಹುಡುಕಿದರೆ, ಹಿಂಪಡೆದ ಪೇಪರಿನ ಅಂಕಿ ಬಳಸಲು ಹಿಂಜರಿಯುತ್ತಾರೆ. ಅದಕ್ಕೇ ಸೂಚನೆಯಲ್ಲಿ ಏನು ಬರೆದಿದೆ ಅನ್ನುವುದು ತುಂಬ ಮುಖ್ಯ. "ಪ್ರಕಾಶನ ನೀತಿಯ ಉಲ್ಲಂಘನೆಗಾಗಿ ಹಿಂಪಡೆಯಲಾಗಿದೆ" ಅಂತ ಒಂದೇ ಸಾಲು ಬರೆದರೆ ಓದಿದವರು ಅಂಕಿಯನ್ನೂ ಹುಸಿ ಅಂದುಕೊಳ್ಳುತ್ತಾರೆ. ಪೀಠಿಕೆ ಮತ್ತು ಚರ್ಚೆ ಇಂಥ ಪೇಪರಿನದು, ಮಾಹಿತಿಯ ಬಗ್ಗೆ ಯಾವ ಆಕ್ಷೇಪವೂ ಇಲ್ಲ ಅಂತ ಬರೆದರೆ ಕೆಲಸಕ್ಕೆ ಮರುಜೀವ ಬರುತ್ತದೆ. ಸೂಚನೆಯ ಕರಡನ್ನು ಸಂಪಾದಕರು ಲೇಖಕರಿಗೆ ತೋರಿಸುವುದುಂಟು. ಆಗ ನಾಚಿಕೆಯಿಂದ ಸುಮ್ನೆ ಒಪ್ಪಿಗೆ ಕಳಿಸಬಾರದು. ಈ ಸಾಲು ಸೇರಿಸಿ ಅಂತ ಕೇಳಬೇಕು, ಕೆಸರಿನಲ್ಲಿ ಬರೆದ ಮೂಲ ಟಿಪ್ಪಣಿ ಪುಸ್ತಕದ ಪುಟಗಳನ್ನು ಜೊತೆಗಿಟ್ಟು.

ತಾವೇ ತಪ್ಪು ಹೇಳಿಕೊಂಡವರಿಗೆ ಹೆಸರು ಕೆಡುವುದಿಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಹಾಗೆ ಕಂಡುಕೊಂಡ ಅಧ್ಯಯನ 2013ರಲ್ಲಿ ಬಂದದ್ದು ನಿಜ. ಆದರೆ ತಾವಾಗಿಯೇ ಹೇಳಿಕೊಂಡ ಪ್ರಸಂಗಗಳು ಬಹುಪಾಲು ಲೆಕ್ಕದ ತಪ್ಪು, ಪ್ರಯೋಗದ ತಪ್ಪು. ಸಾಲು ಕದ್ದದ್ದನ್ನು ಸಾಮಾನ್ಯವಾಗಿ ಹೊರಗಿನವರು ಹಿಡಿಯುತ್ತಾರೆ. ಆಮೇಲೆ ಕೇಳುವ ಕ್ಷಮೆಗೆ ಆ ಅಧ್ಯಯನದ ಭರವಸೆ ಸಲ್ಲುವುದಿಲ್ಲ.

ಹಾಗಂತ ಹುಡುಗನಿಗೆ ದಾರಿ ಮುಚ್ಚಿಲ್ಲ. ಪಿಎಚ್‌ಡಿ ಪ್ರಬಂಧದಲ್ಲಿ ಆ ಅಧ್ಯಾಯ ಹಾಗೇ ಹೋಗದಂತೆ, ಸಲ್ಲಿಸುವ ಮೊದಲೇ ಹೊಸದಾಗಿ ಬರೆಯಬೇಕು. ಪ್ರಬಂಧದ ಲೆಕ್ಕ ಬೇರೆ. ಅಲ್ಲಿ ಹೋಲಿಕೆ 40 ದಾಟಿದರೆ ಒಂದು ವರ್ಷ ಮರಳಿ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಮಾಹಿತಿ ಶುದ್ಧವಾಗಿರುವುದರಿಂದ ಅದನ್ನೇ ಇಟ್ಟುಕೊಂಡು ಹೊಸ ಪೇಪರ್ ಬರೆದು ಕಳಿಸಬಹುದು. ಕಳಿಸುವಾಗ ಸಂಪಾದಕರಿಗೆ ಬರೆಯುವ ಪತ್ರದಲ್ಲಿ, ಇದೇ ಮಾಹಿತಿಯ ಹಿಂದಿನ ಪೇಪರ್ ಬರಹದ ಕಳವಿಗಾಗಿ ಹಿಂಪಡೆಯಲ್ಪಟ್ಟಿದೆ ಅಂತ ಮೊದಲ ಪ್ಯಾರಾದಲ್ಲೇ ಹೇಳಬೇಕು, ಸೂಚನೆಯ ಕೊಂಡಿ ಕೊಡಬೇಕು. ಮುಚ್ಚಿಟ್ಟು ಕಳಿಸಿದರೆ ಅದೇ ಇನ್ನೊಂದು ದೂರಿಗೆ ಕಾರಣವಾಗುತ್ತದೆ. ಈ ಸಲ ಮೇಡಂ ಪ್ರತಿ ಸಾಲು ಓದಬೇಕು. ಚರ್ಚೆಯ ಭಾಗವನ್ನು ಅವನು ತನ್ನ ಕೋಷ್ಟಕ ಮುಂದಿಟ್ಟುಕೊಂಡು, ಮೊದಲು ಕನ್ನಡದಲ್ಲೇ ಬರೆದುಕೊಳ್ಳಲಿ. ಜುಲೈನಲ್ಲಿ ಉಪ್ಪು ಯಾಕೆ ಕುಸಿಯಿತು, ಬಳಚು ಆಗ ಏನಾಯಿತು ಅಂತ. ಇಂಗ್ಲಿಷ್ ತಿದ್ದಿಕೊಡುವವರು ಆಮೇಲೆ ಸಿಗುತ್ತಾರೆ.

ಕೆಲಸದ ಅರ್ಜಿಯಲ್ಲಿ ಹಳೆಯ ಪೇಪರನ್ನು ಪಟ್ಟಿಯಿಂದ ಕಿತ್ತುಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಯ್ಕೆ ಸಮಿತಿಯವರು ಹುಡುಕಿದರೆ ಸಿಕ್ಕೇ ಸಿಗುತ್ತದೆ, ಬಚ್ಚಿಟ್ಟದ್ದು ಕಳವಿಗಿಂತ ಕೆಟ್ಟದಾಗಿ ಕಾಣುತ್ತದೆ. ಪಟ್ಟಿಯಲ್ಲೇ ಇಟ್ಟು, ಪಕ್ಕದಲ್ಲಿ ಹಿಂಪಡೆಯಲಾಗಿದೆ ಅಂತ ಬರೆದು, ಅದರ ಕೆಳಗೇ ಅದೇ ಮಾಹಿತಿಯ ಹೊಸ ಪೇಪರನ್ನು ಕೊಡಲಿ. ಅಂಕಕ್ಕೆ ಹೊಸದು ಮಾತ್ರ ಲೆಕ್ಕಕ್ಕೆ ಬರಲಿ.

ನಮಸ್ಕಾರ.