ಒಂದೇ ಹೆಸರಿನ ಎರಡು ಕ್ಲಿಪ್‌ಗಳು: ಫೂಟೇಜ್ ಜೋಡಣೆ ಮತ್ತು ಬ್ಯಾಕಪ್

ಮಿತ್ರರೇ,

ಸಂಕಲನದ ನಡುವೆ ಫೂಟೇಜ್ ಕಳೆದುಹೋಗುವುದೆಂದರೆ ಹಾರ್ಡ್ ಡಿಸ್ಕ್ ಕೆಡುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಡಿಸ್ಕ್ ನೆಟ್ಟಗಿರುವಾಗಲೂ ಕ್ಲಿಪ್ ಕಾಣೆಯಾಗಬಹುದು, ಮತ್ತು ಅದಕ್ಕೆ ಬಹಳ ಸಲ ಹೆಸರೇ ಕಾರಣವಾಗಿರುತ್ತದೆ.

ಎರಡು ಕ್ಯಾಮೆರಾಗಳಲ್ಲಿ ಎರಡು ದಿನ ಚಿತ್ರೀಕರಿಸಿದ ಒಂದು ಸಂದರ್ಶನವನ್ನು ತೆಗೆದುಕೊಳ್ಳೋಣ. ಸೋನಿಯ ಅನೇಕ ಕ್ಯಾಮೆರಾಗಳು ಮೊದಲ ಕ್ಲಿಪ್‌ಗೆ C0001.MP4 ಎಂದು ಹೆಸರಿಡುತ್ತವೆ, ಮತ್ತು ಸೆಟ್ಟಿಂಗ್ ಹಾಗಿದ್ದರೆ ಕಾರ್ಡ್ ಬದಲಾದಾಗಲೆಲ್ಲ ಎಣಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ಹೀಗಾಗಿ ನಾಲ್ಕು ಕಾರ್ಡ್‌ಗಳಿದ್ದರೆ ನಾಲ್ಕು C0001 ನಮ್ಮ ಕೈಗೆ ಬರಬಹುದು. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದಾಗ, ಹಳೆಯದರ ಜಾಗದಲ್ಲಿ ಹೊಸದನ್ನು ಇಡಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಆತುರದಲ್ಲಿ ಹೌದು ಎಂದರೆ ಒಂದು ಕಾರ್ಡಿನ ಫೂಟೇಜ್ ಅಲ್ಲಿಗೇ ಮುಗಿಯಿತು.

ಇದನ್ನು ತಪ್ಪಿಸಲು ಪ್ರತಿ ಕಾರ್ಡ್‌ಗೂ ಒಂದು ಪ್ರತ್ಯೇಕ ಫೋಲ್ಡರ್ ಇರಬೇಕು.

```
01_FOOTAGE
   2025-02-14
      A01
      B01
   2025-02-15
      A02
      B02
02_SOUND
03_PROJECT
04_EXPORT
```

ಇಲ್ಲಿ ಅಕ್ಷರವು ಕ್ಯಾಮೆರಾವನ್ನೂ ಅಂಕಿಯು ಕಾರ್ಡನ್ನೂ ಸೂಚಿಸುತ್ತದೆ. ವರ್ಷವನ್ನು ಮೊದಲು ಬರೆದಿರುವುದರಿಂದ, ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ದಿನಗಳೂ ಸರಿಯಾದ ಸಾಲಿನಲ್ಲಿ ನಿಲ್ಲುತ್ತವೆ. ಎರಡನೆಯ ದಿನ A01 ಮತ್ತೆ ಬರದೆ A02 ಬಂದಿರುವುದನ್ನು ಗಮನಿಸಿ: ಖಾಲಿ ಮಾಡಿ ಮತ್ತೆ ಬಳಸಿದ ಅದೇ ಕಾರ್ಡ್ ಆಗಿದ್ದರೂ ಅದಕ್ಕೆ ಹೊಸ ಸಂಖ್ಯೆಯನ್ನೇ ಕೊಡಬೇಕು.

ಕಾರ್ಡಿನಿಂದ ವಿಡಿಯೋ ಫೈಲ್‌ಗಳನ್ನಷ್ಟೇ ಆರಿಸಿ ತೆಗೆಯದೆ, ಒಳಗಿನ ರಚನೆಯನ್ನು ಇದ್ದಂತೆಯೇ ನಕಲಿಸುವುದು ಒಳ್ಳೆಯದು. ಚಿಕ್ಕದಾಗಿ, ನಿರುಪಯುಕ್ತವೆಂಬಂತೆ ಕಾಣುವ XML ಫೈಲ್‌ಗಳಲ್ಲಿ ಕ್ಲಿಪ್ ಕುರಿತ ಮಾಹಿತಿ ಇರುತ್ತದೆ. ಕೆಲವು ಮಾದರಿಗಳಲ್ಲಿ ಒಂದು ದೀರ್ಘ ಕ್ಲಿಪ್ ಹಲವು ಫೈಲ್‌ಗಳಾಗಿ ತುಂಡಾಗಿದ್ದು, ಅವು ಒಂದೇ ಎಂದು ಸಾಫ್ಟ್‌ವೇರ್ ತಿಳಿಯುವುದು ಈ ರಚನೆಯಿಂದಲೇ.

ನಕಲು ಮುಗಿದೊಡನೆ ಕಾರ್ಡ್ ಫಾರ್ಮ್ಯಾಟ್ ಮಾಡುವ ಅವಸರ ಬೇಡ. ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲಿಸಿ, ಎರಡನ್ನೂ ಕಾರ್ಡಿನೊಂದಿಗೆ ಚೆಕ್‌ಸಮ್ ಮೂಲಕ ಹೋಲಿಸಿ ನೋಡಿದ ನಂತರವೇ ಕಾರ್ಡ್ ಖಾಲಿಯಾಗಬೇಕು. ಚೆಕ್‌ಸಮ್ ಎಂದರೆ ಫೈಲಿನ ಪೂರ್ತಿ ಒಳಹೂರಣದಿಂದ ಲೆಕ್ಕಹಾಕಿ ತೆಗೆದ ಒಂದು ಸಂಖ್ಯೆ. ನಕಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಗಾತ್ರ ಒಂದೇ ಇದೆಯೆಂಬುದು ಸಾಲದು, ಏಕೆಂದರೆ ನಡುವೆ ಕೆಟ್ಟ ಫೈಲಿನ ಗಾತ್ರವೂ ಅಷ್ಟೇ ಇರಬಹುದು.

ಸಂಕಲನ ಆರಂಭವಾದ ಮೇಲೆ ಫೋಲ್ಡರ್‌ಗಳ ಹೆಸರನ್ನು ಮುಟ್ಟಬಾರದು. ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೋ ಇರುವುದಿಲ್ಲ. ಕ್ಲಿಪ್ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ವಿಳಾಸ ತಪ್ಪಿದಾಗ ಸಾಫ್ಟ್‌ವೇರ್ ಹೆಸರನ್ನು ಹಿಡಿದು ಹುಡುಕುತ್ತದೆ, ಆಗ A01ರ C0001ರ ಬದಲು B02ರ C0001 ಬಂದು ಕೂರಬಹುದು. ಇದು ಕಾಣೆಯಾಗುವುದಕ್ಕಿಂತ ಅಪಾಯಕಾರಿ, ಏಕೆಂದರೆ ದೋಷದ ಸೂಚನೆಯೇ ಬರುವುದಿಲ್ಲ. ಕಟ್‌ಗಳು ತಮ್ಮ ಜಾಗದಲ್ಲೇ ಇರುತ್ತವೆ, ಮಾತಿಗೆ ತುಟಿಯ ಚಲನೆ ಮಾತ್ರ ಹೊಂದುವುದಿಲ್ಲ.

ಪ್ರಾಜೆಕ್ಟ್ ಫೈಲ್ ಫೂಟೇಜ್‌ಗೆ ಹೋಲಿಸಿದರೆ ಬಹಳ ಚಿಕ್ಕದಾದ್ದರಿಂದ, ಪ್ರತಿದಿನ ಹೊಸ ಸಂಖ್ಯೆಯೊಂದಿಗೆ ಅದರ ಪ್ರತಿಯನ್ನು ಉಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರೀಮಿಯರ್‌ನಲ್ಲಿ ತಾನಾಗಿ ಉಳಿಯುವ ಪ್ರತಿಗಳು ಮಾಮೂಲಾಗಿ ಪ್ರಾಜೆಕ್ಟ್ ಇರುವ ಜಾಗದಲ್ಲೇ ಸೇರುತ್ತವೆ. ಆ ಡಿಸ್ಕ್ ಹೋದರೆ ಅವೂ ಹೋದಂತೆಯೇ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ಪ್ರಾಜೆಕ್ಟ್ ಒಂದು ಡೇಟಾಬೇಸ್‌ನಲ್ಲಿರುವುದರಿಂದ, ಫೂಟೇಜ್ ಫೋಲ್ಡರನ್ನು ಎಷ್ಟು ಸಲ ನಕಲಿಸಿದರೂ ಟೈಮ್‌ಲೈನ್ ಅದರೊಂದಿಗೆ ಬರುವುದಿಲ್ಲ; .drp ಫೈಲ್ ಆಗಿ ಪ್ರತ್ಯೇಕವಾಗಿ ಹೊರತೆಗೆಯಬೇಕು.

ಎರಡನೆಯ ಡಿಸ್ಕ್ ಸಂಕಲನದ ಮೇಜಿನ ಮೇಲೆಯೇ ಇದ್ದರೆ ಕಳ್ಳತನಕ್ಕೋ ಬೆಂಕಿಗೋ ಎರಡೂ ಒಟ್ಟಿಗೆ ಸಿಕ್ಕಬಹುದು, ಹಾಗಾಗಿ ಮೂರನೆಯ ಪ್ರತಿಯೊಂದು ಬೇರೆ ಕಟ್ಟಡದಲ್ಲಿರಲಿ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೈಡ್ ವ್ಯವಸ್ಥೆ ಇದೆಯಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ: ಒಂದು ಡಿಸ್ಕ್ ಕೆಟ್ಟರೂ ಅದು ಕೆಲಸ ನಿಲ್ಲದಂತೆ ನೋಡಿಕೊಳ್ಳಬಹುದು, ಆದರೆ ನೀವೇ ಅಳಿಸಿದ ಫೋಲ್ಡರನ್ನು ಅದೂ ಆ ಕ್ಷಣವೇ ಅಳಿಸುತ್ತದೆ.

ಬ್ಯಾಕಪ್ ನಿಜಕ್ಕೂ ಪೂರ್ಣವಾಗಿದೆಯೇ ಎಂದು ತಿಳಿಯಲು ಒಂದೇ ದಾರಿ ಇದೆ. ಮೂಲ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ, ಎರಡನೆಯ ಡಿಸ್ಕಿನಲ್ಲಿರುವ ಪ್ರಾಜೆಕ್ಟನ್ನು ತೆರೆಯಿರಿ. ಮೂಲ ಡಿಸ್ಕ್ ಜೋಡಿಸಿಯೇ ಇದ್ದರೆ ಸಾಫ್ಟ್‌ವೇರ್ ಸದ್ದಿಲ್ಲದೆ ಅಲ್ಲಿಂದಲೇ ಕ್ಲಿಪ್‌ಗಳನ್ನು ಓದುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. ಬಿಡಿಸಿದ ಮೇಲೆ ಅದು ಕ್ಲಿಪ್‌ಗಳ ಜಾಗವನ್ನು ಕೇಳಿದರೆ ಎರಡನೆಯ ಡಿಸ್ಕಿನ 01_FOOTAGE ತೋರಿಸಿ, ಪ್ರತಿ ಕಾರ್ಡಿನ ಒಂದಾದರೂ ಕ್ಲಿಪ್ ತನ್ನ ಫೋಲ್ಡರಿನದೇ ಹೌದೇ ಎಂದು ವಿಳಾಸವನ್ನು ಓದಿ ನೋಡಿ. ಇಷ್ಟಾದ ಮೇಲೂ ಟೈಮ್‌ಲೈನಿನಲ್ಲಿ ಕೆಂಪು Media Offline ಪರದೆ ಎಲ್ಲಿ ಕಾಣುತ್ತದೆಯೋ ಅಲ್ಲಿಯ ಫೈಲ್ ನಕಲಾಗದೆ ಉಳಿದಿದೆ. ಸಾಮಾನ್ಯವಾಗಿ ಅದು ಕ್ಯಾಮೆರಾದ್ದಲ್ಲ, ಡೆಸ್ಕ್‌ಟಾಪಿನಿಂದ ನೇರವಾಗಿ ಟೈಮ್‌ಲೈನಿಗೆ ಎಳೆದು ಹಾಕಿದ ಸಂಗೀತವೋ ಶೀರ್ಷಿಕೆಯ ಚಿತ್ರವೋ ಆಗಿರುತ್ತದೆ.