ಏರುತ್ತಲೇ ಹೋಗುವ ಜಾಕ್‌ಪಾಟ್: ಹಣ ಯಾರದು, ಅವಕಾಶ ಎಷ್ಟು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಜಾಕ್‌ಪಾಟ್ ಅಂದರೆ ಹಳಬರಿಗೆ ನೆನಪಾಗುವುದು ರೇಸ್‌ಕೋರ್ಸ್. ಇಂದು ನಾನು ಮಾತಾಡುತ್ತಿರುವುದು ಇನ್ನೊಂದು ಬಗೆಯ ಜಾಕ್‌ಪಾಟ್ ಬಗ್ಗೆ. ಕ್ಯಾಸಿನೊಗಳಲ್ಲಿ ಕೆಲವು ಸ್ಲಾಟ್ ಯಂತ್ರಗಳ ನೆತ್ತಿಯ ಮೇಲೆ ಒಂದು ಫಲಕ ಇರುತ್ತದೆ. ಅದರಲ್ಲಿನ ಮೊತ್ತ ನೀವು ನೋಡುತ್ತಿದ್ದಂತೆಯೇ ಏರುತ್ತಿರುತ್ತದೆ. ಇದಕ್ಕೆ ಪ್ರೋಗ್ರೆಸಿವ್ ಜಾಕ್‌ಪಾಟ್ ಎನ್ನುತ್ತಾರೆ. ರಜೆಗೆಂದು ಗೋವಾಕ್ಕೆ ಹೋದ ನಮ್ಮೂರಿನವರು ಯಂತ್ರದ ಮುಂದೆ ಕೂತಾಗ ಮನಸ್ಸಿನಲ್ಲಿ ಏಳುವ ಲೆಕ್ಕ ಸಾಮಾನ್ಯವಾಗಿ ಒಂದೇ: ಇಷ್ಟು ದೊಡ್ಡದಾಗಿದೆ, ಇಷ್ಟು ದಿನದಿಂದ ಯಾರಿಗೂ ಬಂದಿಲ್ಲ, ಅಂದಮೇಲೆ ಇನ್ನೇನು ಬೀಳಬೇಕು. ಈ ಲೆಕ್ಕದಲ್ಲಿ ಎರಡು ಮಾತು ನಿಜ, ಮೂರನೆಯದು ತಪ್ಪು. ತಪ್ಪು ಎಲ್ಲಿದೆ ಎಂದು ತಿಳಿಯಲು ಒಂದು ಯಂತ್ರದ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಏರ್ಪಾಡು ಮಾತ್ರ ನಿಜವಾದ ಯಂತ್ರಗಳದ್ದೇ.

ಒಂದು ಆಟಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳಿ. ನೀವು ಗುಂಡಿ ಒತ್ತಿದ ಕ್ಷಣದಲ್ಲೇ ಆ 50 ರೂಪಾಯಿ ಭಾಗವಾಗುತ್ತದೆ. ಒಂದು ರೂಪಾಯಿ ಫಲಕದ ಮೊತ್ತಕ್ಕೆ ಸೇರುತ್ತದೆ, ಅಂಕಿ ಏರುವುದು ಇದರಿಂದ. ಇನ್ನೊಂದು 50 ಪೈಸೆ ಕಣ್ಣಿಗೆ ಕಾಣದ ಒಂದು ಖಾತೆಗೆ ಹೋಗುತ್ತದೆ. ಯಾರಾದರೂ ಜಾಕ್‌ಪಾಟ್ ಗೆದ್ದ ಮೇಲೆ ಫಲಕ ಸೊನ್ನೆಗೆ ಇಳಿಯುವುದಿಲ್ಲ. ಮೊದಲೇ ಗೊತ್ತುಪಡಿಸಿದ ಒಂದು ಮೊತ್ತದಿಂದ ಮತ್ತೆ ಶುರುವಾಗುತ್ತದೆ. ನಮ್ಮ ಯಂತ್ರದಲ್ಲಿ ಅದು 50 ಲಕ್ಷ. ಇದನ್ನು ಸೀಡ್ ಎನ್ನುತ್ತಾರೆ. ಮಾಲೀಕರು ಕೈಯಿಂದ ಹಾಕುವ ಉದಾರ ಹಣದಂತೆ ಇದು ಕಂಡರೂ, ನಮ್ಮ ಯಂತ್ರದಲ್ಲಿ ಆ 50 ಪೈಸೆಗಳೇ ಕೂಡಿ ಮುಂದಿನ ಸೀಡ್ ಆಗುತ್ತವೆ. ಅಂದರೆ ಬಹುಮಾನದ ಪ್ರತಿ ರೂಪಾಯಿಯೂ ಆಡಿದವರದೇ. ಉಳಿದ 48 ರೂಪಾಯಿ 50 ಪೈಸೆಯಲ್ಲಿ 45 ರೂಪಾಯಿ ಸರಾಸರಿಯಾಗಿ ಸಣ್ಣಪುಟ್ಟ ಗೆಲುವುಗಳ ರೂಪದಲ್ಲಿ ವಾಪಸು ಬರುತ್ತದೆ. ಮೂರೂವರೆ ರೂಪಾಯಿ ಕ್ಯಾಸಿನೊಗೆ ಉಳಿಯುತ್ತದೆ. ಜಾಕ್‌ಪಾಟ್ ಯಾರಿಗೆ ಬಿದ್ದರೂ, ಎಂದು ಬಿದ್ದರೂ ಈ ಮೂರೂವರೆ ರೂಪಾಯಿಗೆ ಧಕ್ಕೆ ಇಲ್ಲ.

ಮೊತ್ತ ವೇಗವಾಗಿ ಏರಬೇಕಾದರೆ ತುಂಬ ಜನ ಆಡಬೇಕು. ಅದಕ್ಕಾಗಿಯೇ ಬೇರೆ ಬೇರೆ ಕ್ಯಾಸಿನೊಗಳ ಯಂತ್ರಗಳನ್ನು ಒಂದೇ ಫಲಕಕ್ಕೆ ಜೋಡಿಸುವ ಪದ್ಧತಿ ಬಂತು. ಅಮೆರಿಕದ ನೆವಾಡಾದಲ್ಲಿ 1986ರಲ್ಲಿ ಶುರುವಾದ ಮೆಗಾಬಕ್ಸ್ ಇಂಥದ್ದು. 2003ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅದರ ಬಹುಮಾನ ಸುಮಾರು 3 ಕೋಟಿ 97 ಲಕ್ಷ ಡಾಲರ್ ಮುಟ್ಟಿತ್ತು.

ಇನ್ನು ಗೆಲ್ಲುವ ಅವಕಾಶ. ಮೂರು ಚಕ್ರಗಳ ಯಂತ್ರ ನೋಡಿದಾಗ, ಒಂದೊಂದು ಚಕ್ರದ ಮೇಲೆ 22 ಜಾಗಗಳಿದ್ದು ಒಂದರಲ್ಲಿ ಮಾತ್ರ ಜಾಕ್‌ಪಾಟ್ ಚಿತ್ರವಿದ್ದರೆ, ಕಣ್ಣಿನ ಲೆಕ್ಕಕ್ಕೆ ಅವಕಾಶ 10,648ರಲ್ಲಿ ಒಂದು ಎನಿಸುತ್ತದೆ. ಆದರೆ ಚಕ್ರ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಚಕ್ರವಲ್ಲ, ಒಳಗಿನ ಕಂಪ್ಯೂಟರ್ ಚಿಪ್. ಇಂಗೆ ಟೆಲ್ನೆಸ್ ಎಂಬ ತಂತ್ರಜ್ಞರು 1984ರಲ್ಲಿ ಪಡೆದ ಪೇಟೆಂಟ್‌ನಿಂದ ಈ ದಾರಿ ತೆರೆಯಿತು. ಚಿಪ್ ತನ್ನೊಳಗೆ ಪ್ರತಿ ಚಕ್ರಕ್ಕೂ, ಹೇಳೋಣ, 216 ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಅವುಗಳಲ್ಲಿ ಒಂದು ಸಂಖ್ಯೆ ಮಾತ್ರ ಜಾಕ್‌ಪಾಟ್ ಚಿತ್ರಕ್ಕೆ ಸೇರಿದ್ದು, ಉಳಿದವೆಲ್ಲ ಖಾಲಿ ಜಾಗಕ್ಕೆ ಮತ್ತು ಸಣ್ಣ ಚಿತ್ರಗಳಿಗೆ. 216ನ್ನು ಮೂರು ಸಲ ಗುಣಿಸಿ: ಒಂದು ಕೋಟಿಗಿಂತ ತುಸು ಹೆಚ್ಚು. ನಿಜವಾದ ಅವಕಾಶ ಕೋಟಿಯಲ್ಲಿ ಒಂದು. ಜಾಕ್‌ಪಾಟ್ ಚಿತ್ರದ ಅಕ್ಕಪಕ್ಕದ ಖಾಲಿ ಜಾಗಗಳಿಗೆ ಹೆಚ್ಚು ಸಂಖ್ಯೆಗಳನ್ನು ಕೊಟ್ಟರೆ, ಚಿತ್ರ ಗೆರೆಯ ಸ್ವಲ್ಪ ಮೇಲೋ ಕೆಳಗೋ ನಿಂತು "ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು" ಅನ್ನಿಸುತ್ತದೆ. ತಪ್ಪಿದ್ದು ಕೂದಲೆಳೆಯಲ್ಲಲ್ಲ. ಗುಂಡಿ ಒತ್ತಿದಾಗಲೇ ಫಲಿತಾಂಶ ತೀರ್ಮಾನವಾಗಿತ್ತು, ಚಕ್ರ ತಿರುಗಿದ್ದು ಅದನ್ನು ತೋರಿಸುವುದಕ್ಕೆ.

ಕೋಟಿಯಲ್ಲಿ ಒಂದು ಅಂದರೆ ಆಡುವವರ ಪಾಲಿಗೆ ಏನು? ಆರು ಸೆಕೆಂಡಿಗೆ ಒಂದು ಆಟವಾದರೆ ಗಂಟೆಗೆ 600. ದಿನಕ್ಕೆ ಎಂಟು ಗಂಟೆ, ಭಾನುವಾರವೂ ರಜೆಯಿಲ್ಲದೆ ಆಡಿದರೆ ಕೋಟಿ ಆಟ ಮುಗಿಯಲು ಐದೂಮುಕ್ಕಾಲು ವರ್ಷ ಹತ್ತಿರ ಹತ್ತಿರ. ಅಷ್ಟು ಆಡಿದ ಮೇಲೂ ಜಾಕ್‌ಪಾಟ್ ಬಾರದೇ ಇರುವ ಸಂಭವ ನೂರಕ್ಕೆ 37. ಈ ನಡುವೆ ಜಾಕ್‌ಪಾಟ್ ಬಿಟ್ಟು ಉಳಿದ ಆಟದಲ್ಲಿ ಗಂಟೆಗೆ ಸರಾಸರಿ 3,000 ರೂಪಾಯಿ ಕೈಬಿಟ್ಟು ಹೋಗುತ್ತಿರುತ್ತದೆ. ಒಂದು ಸಂಜೆ ಸಾವಿರ ಆಟ ಆಡಿ ಎದ್ದವರ ಅವಕಾಶ ಹತ್ತು ಸಾವಿರದಲ್ಲಿ ಒಂದು, ಅದಕ್ಕೆ ತೆತ್ತದ್ದು ಸರಾಸರಿ 5,000 ರೂಪಾಯಿ.

"ಬಹಳ ದಿನದಿಂದ ಬಿದ್ದಿಲ್ಲ" ಎಂಬ ಮಾತಿಗೆ ಬರೋಣ. ಚಿಪ್‌ಗೆ ಹಿಂದಿನ ಆಟದ ನೆನಪಿಲ್ಲ. ಫಲಕದಲ್ಲಿ 60 ಲಕ್ಷವಿದ್ದಾಗಲೂ 3 ಕೋಟಿ ಇದ್ದಾಗಲೂ ಮುಂದಿನ ಆಟಕ್ಕೆ ಅವಕಾಶ ಕೋಟಿಯಲ್ಲಿ ಒಂದೇ. ಇದಕ್ಕೆ ಹೊರತಾದ ಒಂದು ಜಾತಿಯಿದೆ: ಇಂತಿಷ್ಟು ಮೊತ್ತ ಮುಟ್ಟುವುದರೊಳಗೆ ಬಿದ್ದೇ ಬೀಳುತ್ತದೆ ಎಂದು ಯಂತ್ರದ ಮೇಲೇ ಬರೆದಿರುತ್ತದೆ. ಹಾಗೆ ಬರೆದಿಲ್ಲವಾದರೆ ಆ ನಿಯಮ ಇಲ್ಲವೆಂದೇ ತಿಳಿಯಬೇಕು. ಇನ್ನೊಂದನ್ನೂ ಯಂತ್ರದ ಮಾಹಿತಿ ಪುಟದಲ್ಲಿ ಓದಿಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಗರಿಷ್ಠ ಹಣ ಕಟ್ಟಿದವರಿಗೆ ಮಾತ್ರ ಜಾಕ್‌ಪಾಟ್. ಕಡಿಮೆ ಕಟ್ಟಿದವರ ಚಕ್ರದಲ್ಲಿ ಮೂರೂ ಚಿತ್ರ ಸಾಲಾಗಿ ನಿಂತರೂ ಸಿಗುವುದು ಸಣ್ಣ ಮೊತ್ತ.

ಅವಕಾಶ ಬದಲಾಗದಿದ್ದರೂ ಮೊತ್ತ ಬೆಳೆದಷ್ಟೂ ಆಟ ಆಡುವವರಿಗೆ ಸ್ವಲ್ಪ ಸ್ವಲ್ಪ ಅನುಕೂಲವಾಗುತ್ತದೆ, ಅದು ನಿಜ. ಎಷ್ಟಾದರೆ ಲೆಕ್ಕ ಸರಿಸಮವಾಗುತ್ತದೆ? ಜಾಕ್‌ಪಾಟ್ ಬಿಟ್ಟರೆ ಆಟಕ್ಕೆ ಐದು ರೂಪಾಯಿ ನಷ್ಟ. ಅವಕಾಶ ಕೋಟಿಯಲ್ಲಿ ಒಂದು. ಆ ನಷ್ಟ ತುಂಬಲು ಫಲಕ 5 ಕೋಟಿ ತೋರಿಸಬೇಕು. ಸರಾಸರಿಯಾಗಿ ಈ ಯಂತ್ರದ ಜಾಕ್‌ಪಾಟ್ ಬೀಳುವುದು ಒಂದೂವರೆ ಕೋಟಿಗೆ: ಸೀಡ್ 50 ಲಕ್ಷ, ಕೋಟಿ ಆಟಗಳ ಒಂದು ಕೋಟಿ. 5 ಕೋಟಿಗೆ ಏರಬೇಕಾದರೆ ನಾಲ್ಕೂವರೆ ಕೋಟಿ ಆಟಗಳವರೆಗೆ ಯಾರಿಗೂ ಬೀಳದೆ ಉಳಿಯಬೇಕು. ಹಾಗಾಗುವುದು 90 ಸಲದಲ್ಲಿ ಒಂದು ಸಲ.

ಇಷ್ಟಾದರೂ ತೆರಿಗೆ ಬಾಕಿ ಇದೆ. ನಮ್ಮಲ್ಲಿ ಇಂಥ ಗೆಲುವಿಗೆ ನೇರ 30 ಪ್ರತಿಶತ ತೆರಿಗೆ. ಮೊತ್ತ 2 ಕೋಟಿ ದಾಟಿದರೆ ಹೊಸ ತೆರಿಗೆ ಪದ್ಧತಿಯಲ್ಲಿ ಸರ್ಚಾರ್ಜ್, ಸೆಸ್ ಸೇರಿ ಅದು 39 ಪ್ರತಿಶತಕ್ಕೆ ಮುಟ್ಟುತ್ತದೆ. ಅದುವರೆಗೆ ಸೋತ ಹಣವನ್ನು ಕಳೆದು ತೋರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಹಾಗಾಗಿ 5 ಕೋಟಿ ಕೈಗೆ ಬರಬೇಕಾದರೆ ಫಲಕದಲ್ಲಿ 8 ಕೋಟಿ 20 ಲಕ್ಷ ಇರಬೇಕು. ನಮ್ಮ ಯಂತ್ರ ಅಲ್ಲಿಯವರೆಗೆ ಯಾರಿಗೂ ಬೀಳದೆ ಏರುವುದು ಸುಮಾರು 2,200 ಸಲದಲ್ಲಿ ಒಂದು ಸಲ. ಏರಿದರೂ ಅಂದು ಗುಂಡಿ ಒತ್ತುವವರಿಗೆ ಅವಕಾಶ ಕೋಟಿಯಲ್ಲಿ ಒಂದೇ.

ನಮಸ್ಕಾರ.