ಅರವತ್ತು ಕೂಪನ್, ಇಪ್ಪತ್ತೆರಡು ಗಿರಾಕಿ

ಎಲ್ಲರಿಗೂ ನಮಸ್ಕಾರ. ಪ್ರಾಯೋಜಕತ್ವದ ಪತ್ರ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. 'ಐದು ಸಾವಿರ ಜನ ಸೇರುತ್ತಾರೆ, ವೇದಿಕೆಯ ಹಿಂದೆ ನಿಮ್ಮ ಬ್ಯಾನರ್.' ಆ ಐದು ಸಾವಿರ ಎಣಿಸಿದ್ದು ಯಾರು ಅಂತ ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ.

ನನ್ನದು ಶೂ ವ್ಯಾಪಾರ. ಒಮ್ಮೆ ಒಂದು ಓಟದ ಸ್ಪರ್ಧೆಗೆ 12,000 ಕೊಟ್ಟೆ. ಬ್ಯಾನರ್ ಕಟ್ಟಿದರು, ಅದರ ಮುಂದೆ ಆಳೆತ್ತರದ ಸ್ಪೀಕರ್ ಇಟ್ಟರು. ದಿನವಿಡೀ ಕಂಡದ್ದು ನಮ್ಮ ಹೆಸರಿನ ಕೊನೆಯ ಎರಡಕ್ಷರ. ನಗಬೇಡಿ, ನನ್ನ ಮಗನೂ ಹೀಗೇ ನಕ್ಕ! ಪುಣ್ಯಕ್ಕೆ, ಓಟಗಾರರ ಕಿಟ್‌ನಲ್ಲಿ 400 ಕೂಪನ್ ಹಾಕಿಸಿದ್ದೆ. ಹತ್ತು ಪರ್ಸೆಂಟ್ ರಿಯಾಯಿತಿ. 60 ವಾಪಸ್ ಬಂದವು. ನಾನು ಹಿಗ್ಗಿಹೋದೆ.

ಸಂಜೆ ಮಗ ಕೂಪನ್ ತಂದವರ ಫೋನ್ ನಂಬರುಗಳನ್ನು ಹಳೆಯ ಬಿಲ್ಲುಗಳ ಜೊತೆ ಹೋಲಿಸಿದ. 38 ಜನ ಮೊದಲಿಂದಲೂ ನಮ್ಮ ಗಿರಾಕಿಗಳೇ! ಹೊಸಬರು 22. ಈಗ ಲೆಕ್ಕ ನೋಡಿ. ಸರಾಸರಿ ಬಿಲ್ 1,000, ಅದರಲ್ಲಿ ನನಗೆ ಉಳಿಯುವುದು 250. ರಿಯಾಯಿತಿ ಕಳೆದರೆ 150. ಹೊಸಬರಿಂದ ಸಿಕ್ಕಿದ್ದು 3,300. ಹೇಗೂ ಬರುತ್ತಿದ್ದ ಹಳಬರಿಗೆ ಸುಮ್ನೆ ಬಿಟ್ಟುಕೊಟ್ಟದ್ದು 3,800. ಕೊಟ್ಟ 12,000 ಪಕ್ಕಕ್ಕಿಡಿ, ಅದಿಲ್ಲದೆಯೇ 500 ಕೈಬಿಟ್ಟಿತ್ತು.

ಹಳಬರಲ್ಲೂ ಕೆಲವರು ಕೂಪನ್ ಕಂಡೇ ಬಂದಿರಬಹುದು, ಒಪ್ಪುತ್ತೇನೆ. ಇನ್ನು ಹೊಸಬರು ಮತ್ತೆ ಬರುತ್ತಾರಾ ಅಂತ ನೋಡಲು ಎರಡು ತಿಂಗಳು ಕಾದೆ. 22 ಹೊಸಬರಲ್ಲಿ 9 ಜನ ರಿಯಾಯಿತಿ ಇಲ್ಲದೆ ಮತ್ತೆ ಬಂದರು. ಅದು 2,250. ಆ 12,000 ಬಿಟ್ಟು ನೋಡಿದರೆ ಒಟ್ಟು ಉಳಿದದ್ದು 1,750. ನಾನು ಮೊದಲು ನೋಡುವುದು ಈ 9ನ್ನು, 60 ಅನ್ನಲ್ಲ. ಹಾಗಾಗಿ ಮುಂದಿನ ವರ್ಷ ರಿಯಾಯಿತಿಯನ್ನು ಮೊದಲ ಬಿಲ್ಲಿಗೆ ಮಾತ್ರ ಇಟ್ಟೆ. ನಂಬರ್ ಹಳೆಯದಾದರೆ ಕೂಪನ್ ನಡೆಯುವುದಿಲ್ಲ. ಹಳಬರು ಸ್ವಲ್ಪ ಮುನಿಸಿಕೊಂಡರು, ನಿಜ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಾಲೇಜ್ ಫೆಸ್ಟ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಸ್ಟಾಲ್‌ಗೆ ಒಂದು ಕೋಡ್, ಪಾಸ್ ಹಿಂದೆ ಮುದ್ರಿಸಲು ಬೇರೆ ಕೋಡ್ ಕೊಡಿ. 'ನಮ್ಮನ್ನು ಎಲ್ಲಿ ನೋಡಿದಿರಿ' ಅಂತ ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ, ನಾವೂ ಹಾಗೇ ಅಲ್ವಾ? ಹುಡುಗರು ಕೋಡನ್ನು ಗ್ರೂಪುಗಳಿಗೆ ಹಾಕಿಬಿಡುತ್ತಾರೆ. ಫೆಸ್ಟಿಗೆ ಕಾಲಿಡದವರೂ ಅದನ್ನು ತರುತ್ತಾರೆ. ಕನಿಷ್ಠ ಒಂದು ನಂಬರಿಗೆ ಕೋಡ್ ಒಮ್ಮೆ ಮಾತ್ರ ನಡೆಯುವಂತಿರಲಿ. ಫೆಸ್ಟಿಗೆ ಮುಂಚಿನ ಆರು ವಾರ ದಿನಕ್ಕೆ ಎಷ್ಟು ಹೊಸ ನಂಬರ್ ಬರುತ್ತಿದ್ದವು ಅಂತ ಬರೆದಿಟ್ಟಿರಿ. ಆಮೇಲಿನದ್ದನ್ನು ಅದರ ಪಕ್ಕ ಇಡಬೇಕಲ್ಲ.

ಒಪ್ಪಂದದ ಬಗ್ಗೆ ನಾಲ್ಕು ಮಾತು ಬರೆದುಕೊಂಡು ಬಂದಿದ್ದೆ, ಒಂದೇ ಹೇಳುತ್ತೇನೆ. ಪ್ರತಿ ಕಿಟ್‌ನಲ್ಲೂ ಕೂಪನ್ ಇರಬೇಕು ಅಂತ ಬರೆಸಿ, ಅದು ಹಂಚಿಕೆಯಾದ ಮೇಲೇ ಕೊನೇ ಕಂತು ಕೊಡಿ. ಮತ್ತೆ ಸ್ಪೀಕರ್ ಎಲ್ಲಿಡುತ್ತಾರೆ, ಅದನ್ನೂ ಕೇಳಿ.